ಫೋಟೊದಲ್ಲಿ ಬಂದ ಬಹುಪದೋಕ್ತಿಯ ಲೆಕ್ಕ ತಾಳೆಯಾಗದಿದ್ದಾಗ: ತಪ್ಪು ಓದಿನಲ್ಲಿದೆಯೋ, ಬಿಡಿಸುವಿಕೆಯಲ್ಲಿದೆಯೋ?

ಬೀಜಗಣಿತದ ಅಭ್ಯಾಸ ಹಾಳೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು, ಆ ಚಿತ್ರವನ್ನು ನೋಡಿಕೊಂಡೇ ಲೆಕ್ಕ ಬಿಡಿಸುವ ರೂಢಿ ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಲ್ಲಿ ಈಗ ಸಾಮಾನ್ಯವಾಗಿದೆ. ಹೀಗೆ ಬಿಡಿಸಿದ ಅಪವರ್ತನದ ಲೆಕ್ಕ ತಾಳೆಯಾಗದಿದ್ದರೆ ದೋಷವು ಎರಡು ಕಡೆಗಳಲ್ಲಿ ಇರಬಹುದು: ಫೋಟೊದಿಂದ ಪ್ರಶ್ನೆಯನ್ನು ಓದಿ ಬರೆದುಕೊಂಡ ಕಡೆ, ಇಲ್ಲವೇ ಬರೆದುಕೊಂಡ ಪ್ರಶ್ನೆಯನ್ನು ಬಿಡಿಸಿದ ಕಡೆ. ಬಹುತೇಕರು ಎರಡನೆಯದನ್ನು ಮಾತ್ರ ಸಂಶಯಿಸಿ ಅದೇ ಲೆಕ್ಕವನ್ನು ಮತ್ತೆ ಮತ್ತೆ ಬಿಡಿಸುತ್ತಾರೆ. ಪ್ರಶ್ನೆಯೇ ತಪ್ಪಾಗಿ ಇಳಿದಿದ್ದರೆ ಪ್ರತಿ ಸಲವೂ ಅದೇ ತಪ್ಪು ಉತ್ತರ ಬರುತ್ತದೆ, ಮತ್ತು ಒಂದೇ ಉತ್ತರ ಮರಳಿ ಬಂದುದನ್ನೇ ಸರಿಯೆಂಬುದಕ್ಕೆ ಸಾಕ್ಷಿಯೆಂದು ತಿಳಿಯಲಾಗುತ್ತದೆ. ಈ ಎರಡು ದೋಷಗಳನ್ನು ಬೇರ್ಪಡಿಸುವ ಉಪಾಯ ಅಪವರ್ತನ ಪ್ರಮೇಯದಲ್ಲಿಯೇ ಅಡಗಿದೆ.

ಒಂದು ಪ್ರಕರಣ

ಹಾಳೆಯಲ್ಲಿರುವ ಪ್ರಶ್ನೆ ಹೀಗಿದೆ ಎಂದುಕೊಳ್ಳೋಣ: "x − 3 ಎಂಬುದು 2x³ − 3x² − 11x + 6 ರ ಅಪವರ್ತನ ಎಂದು ತೋರಿಸಿ, ಬಹುಪದೋಕ್ತಿಯನ್ನು ಪೂರ್ಣವಾಗಿ ಅಪವರ್ತಿಸಿ." ಹಾಳೆಯನ್ನು ಮಡಚಿದ ಗೆರೆ 3x² ರ ಮುಂದಿನ ಋಣ ಚಿಹ್ನೆಯ ಮೇಲೆಯೇ ಹಾದುಹೋಗಿರುವುದರಿಂದ ಫೋಟೊದಲ್ಲಿ ಆ ಚಿಹ್ನೆ ಧನ ಚಿಹ್ನೆಯಂತೆ ಕಾಣುತ್ತದೆ, ವಿದ್ಯಾರ್ಥಿ p(x) = 2x³ + 3x² − 11x + 6 ಎಂದು ಬರೆದುಕೊಳ್ಳುತ್ತಾನೆ.

ಆತ ರೂಢಿಯಂತೆ ಸಣ್ಣ ಸಂಖ್ಯೆಯಿಂದ ಆರಂಭಿಸಿ x = 1 ಅನ್ನು ಆದೇಶಿಸುತ್ತಾನೆ. 2 + 3 − 11 + 6 = 0 ಆಗುತ್ತದೆ. x − 1 ಅಪವರ್ತನವೆಂದು ಸಿಕ್ಕಿತು, ಭಾಗಿಸಿದರೆ 2x² + 5x − 6 ಬಂತು, ಶೇಷ ಸೊನ್ನೆ. ಇಲ್ಲಿಯವರೆಗೆ ಎಲ್ಲವೂ ಸುಗಮ. ಈಗ ಮಧ್ಯಪದವನ್ನು ಒಡೆಯಲು ಗುಣಲಬ್ಧ −12 ಮತ್ತು ಮೊತ್ತ 5 ಆಗುವ ಎರಡು ಪೂರ್ಣಾಂಕಗಳು ಬೇಕು; 12 ಮತ್ತು −1 ರ ಮೊತ್ತ 11, 6 ಮತ್ತು −2 ರ ಮೊತ್ತ 4, 4 ಮತ್ತು −3 ರ ಮೊತ್ತ 1. ಯಾವುದೂ ಹೊಂದುವುದಿಲ್ಲ. ವಿದ್ಯಾರ್ಥಿ ಎರಡು ಅಪವರ್ತನಗಳನ್ನು ಗುಣಿಸಿ ನೋಡುತ್ತಾನೆ, ತಾನು ಬರೆದುಕೊಂಡ ಬಹುಪದೋಕ್ತಿಯೇ ಮರಳಿ ಸಿಗುತ್ತದೆ. ಆದ್ದರಿಂದ (x − 1)(2x² + 5x − 6) ಎಂದು ಬರೆದು "ಇದಕ್ಕಿಂತ ಮುಂದೆ ಅಪವರ್ತಿಸಲಾಗುವುದಿಲ್ಲ" ಎಂದು ನಿಲ್ಲಿಸುತ್ತಾನೆ.

ಆತನ ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ ಎಂಬುದನ್ನು ಗಮನಿಸಬೇಕು. ಗುಣಿಸಿ ತಾಳೆ ನೋಡುವ ಪರೀಕ್ಷೆ ಬಿಡಿಸುವಿಕೆಯನ್ನು ಮಾತ್ರ ಪರೀಕ್ಷಿಸುತ್ತದೆ, ಓದನ್ನು ಪರೀಕ್ಷಿಸುವುದಿಲ್ಲ. ಆದೇಶ ವಿಧಾನದಿಂದ ಒಮ್ಮೆ, ದೀರ್ಘ ಭಾಗಾಕಾರದಿಂದ ಇನ್ನೊಮ್ಮೆ ಶೇಷವನ್ನು ಕಂಡುಹಿಡಿದು ಎರಡೂ ಒಂದೇ ಎಂದು ತೋರಿಸಿದರೂ ಸ್ಥಿತಿ ಅದೇ: ಎರಡೂ ವಿಧಾನಗಳು ಕಾಗದದ ಮೇಲೆ ಇಳಿದ ಬಹುಪದೋಕ್ತಿಯಿಂದಲೇ ಹೊರಡುತ್ತವೆ, ಹಾಳೆಯಲ್ಲಿರುವ ಬಹುಪದೋಕ್ತಿಯ ಬಗ್ಗೆ ಅವು ಏನನ್ನೂ ಹೇಳಲಾರವು.

ಓದನ್ನು ಪರೀಕ್ಷಿಸಲು ಹಾಳೆಯೇ ಕೊಟ್ಟ, ನಾವು ಲೆಕ್ಕ ಮಾಡಿ ಪಡೆಯದ ಒಂದು ಸಂಗತಿ ಬೇಕು. ಈ ಪ್ರಶ್ನೆಯಲ್ಲಿ ಅಂಥದ್ದೊಂದು ಇದೆ. x − 3 ಅಪವರ್ತನ ಎಂದು ಹಾಳೆಯೇ ಹೇಳುತ್ತದೆ. ಬರೆದುಕೊಂಡ ಬಹುಪದೋಕ್ತಿಯಲ್ಲಿ x = 3 ಅನ್ನು ಆದೇಶಿಸಿದರೆ 54 + 27 − 33 + 6 = 54. ಸೊನ್ನೆ ಬರಬೇಕಾದ ಕಡೆ 54 ಬಂದಿದೆ. ಇದೇ ರೋಗದ ಲಕ್ಷಣ, ರೋಗ ಎಲ್ಲಿದೆ ಎಂಬುದನ್ನೂ ಇದೇ ಸಂಖ್ಯೆ ಹೇಳುತ್ತದೆ.

ಶೇಷದಿಂದ ದೋಷವಿರುವ ಪದವನ್ನು ಹುಡುಕುವುದು

ಹಾಳೆಯಲ್ಲಿರುವ ನಿಜವಾದ ಬಹುಪದೋಕ್ತಿಗೆ x − a ಅಪವರ್ತನವಾಗಿದ್ದರೆ x = a ಆದಾಗ ಅದರ ಬೆಲೆ ಸೊನ್ನೆ. ನಾವು ಒಂದೇ ಒಂದು ಪದವನ್ನು ತಪ್ಪಾಗಿ ಓದಿದ್ದರೆ ಉಳಿದ ಪದಗಳೆಲ್ಲ ಹಾಗೆಯೇ ಇರುತ್ತವೆ. ಹೀಗಾಗಿ ಕೈಯಲ್ಲಿ ಉಳಿಯುವ ಶೇಷವು ಆ ಒಂದು ಪದದ ತಪ್ಪು ಬೆಲೆಗೂ ಸರಿ ಬೆಲೆಗೂ ಇರುವ ವ್ಯತ್ಯಾಸವಲ್ಲದೆ ಬೇರೇನೂ ಅಲ್ಲ. x² ರ ಸಹಗುಣಕ d ಯಷ್ಟು ಹೆಚ್ಚಾಗಿದ್ದರೆ ಶೇಷವು d × a², x ನ ಸಹಗುಣಕ d ಯಷ್ಟು ಹೆಚ್ಚಾಗಿದ್ದರೆ d × a, ಸ್ಥಿರಾಂಕ ಹೆಚ್ಚಾಗಿದ್ದರೆ ಬರೀ d. ಚಿಹ್ನೆ ಮಾತ್ರ ತಿರುಗಿದ್ದರೆ ಶೇಷವು ಆ ಪದದ ಈಗಿನ ಬೆಲೆಯ ಎರಡರಷ್ಟು.

ನಮ್ಮ ಪ್ರಕರಣಕ್ಕೆ ಇದನ್ನು ಅನ್ವಯಿಸೋಣ. x = 3 ಆದಾಗ ನಾಲ್ಕು ಪದಗಳ ಬೆಲೆ ಕ್ರಮವಾಗಿ 54, 27, −33 ಮತ್ತು 6. ಚಿಹ್ನೆ ತಿರುಗಿದ ದೋಷವಾಗಿದ್ದರೆ, ಇವುಗಳಲ್ಲಿ ಯಾವುದರ ಎರಡರಷ್ಟು 54 ಆಗುತ್ತದೆಯೋ ಅದೇ ಅಪರಾಧಿ. 27 ರ ಎರಡರಷ್ಟು 54. ಮಿಕ್ಕವುಗಳ ಎರಡರಷ್ಟು 108, −66 ಮತ್ತು 12, ಇವು ಹೊಂದುವುದಿಲ್ಲ. ಆದ್ದರಿಂದ ಸಂಶಯ ಪೂರ್ತಿಯಾಗಿ 3x² ರ ಚಿಹ್ನೆಯ ಮೇಲೆ ಬೀಳುತ್ತದೆ.

ಚಿಹ್ನೆ ಸರಿಯಿದ್ದು ಅಂಕಿ ತಪ್ಪಿರಬಹುದಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. x ನ ಸಹಗುಣಕದಲ್ಲಿ ತಪ್ಪಿದ್ದರೆ ವ್ಯತ್ಯಾಸ 54 ÷ 3 = 18 ಆಗಿರಬೇಕು, ಅಂದರೆ −11 ಎಂದು ಓದಿದ್ದು ವಾಸ್ತವದಲ್ಲಿ −29 ಆಗಿರಬೇಕು. ಸ್ಥಿರಾಂಕದಲ್ಲಿ ತಪ್ಪಿದ್ದರೆ 6 ಎಂಬುದು −48 ಆಗಿರಬೇಕು. ಎಷ್ಟೇ ಮಸುಕಾದ ಫೋಟೊದಲ್ಲಿಯೂ 29 ಅನ್ನು 11 ಎಂದು ಯಾರೂ ಓದುವುದಿಲ್ಲ. x³ ರ ಸಹಗುಣಕದಲ್ಲಿ ತಪ್ಪಿದ್ದರೆ 2 ಎಂಬುದು ಸೊನ್ನೆಯಾಗಬೇಕು, ಅಂದರೆ ಆ ಪದವೇ ಇರಬಾರದು. ಕುತೂಹಲದ ಸಂಗತಿಯೆಂದರೆ, ಉಳಿಯುವ 3x² − 11x + 6 ಕೂಡ (3x − 2)(x − 3) ಎಂದು ಸೊಗಸಾಗಿಯೇ ಅಪವರ್ತನಗೊಳ್ಳುತ್ತದೆ. ಆದರೆ ಕಣ್ಣೆದುರು ಸ್ಪಷ್ಟವಾಗಿ ಕಾಣುವ ಪದವನ್ನು ಇಲ್ಲವೆನ್ನಲು ಬರುವುದಿಲ್ಲ. ಶೇಷ ಕೊಡುವುದು ಸುಳಿವನ್ನು ಮಾತ್ರ. ಯಾವ ತಪ್ಪು ಕಣ್ಣಿನಿಂದ ಆಗುವಂಥದ್ದು ಎಂಬ ವಿವೇಚನೆಯನ್ನು ನಾವೇ ಸೇರಿಸಬೇಕು.

ಈಗ ಫೋಟೊವನ್ನು ಹಿಗ್ಗಿಸಿ 3x² ರ ಮುಂದಿನ ಚಿಹ್ನೆಯನ್ನಷ್ಟೇ ನೋಡಿದರೆ ಸಾಕು. ಧನ ಚಿಹ್ನೆಯ ಲಂಬ ಗೆರೆಯಂತೆ ಕಂಡದ್ದು ಮೇಲಿನ ಮತ್ತು ಕೆಳಗಿನ ಸಾಲುಗಳಲ್ಲಿಯೂ ಮುಂದುವರಿದಿದ್ದರೆ ಅದು ಮಡಿಕೆಯ ನೆರಳು, ಅಚ್ಚಾದ ಗೆರೆಯಲ್ಲ. ಚಿಹ್ನೆಯನ್ನು ಸರಿಪಡಿಸಿ ಮತ್ತೆ ಆದೇಶಿಸಿದರೆ 54 − 27 − 33 + 6 = 0. x − 3 ರಿಂದ ಭಾಗಿಸಿದಾಗ ಸಹಗುಣಕಗಳ ಸಾಲು 2, 3, −2 ಮತ್ತು ಶೇಷ 0 ಆಗುತ್ತದೆ. ಭಾಗಲಬ್ಧವಾದ 2x² + 3x − 2 ರ ಮಧ್ಯಪದವನ್ನು 4x − x ಎಂದು ಒಡೆದರೆ (2x − 1)(x + 2). ಪೂರ್ಣ ಉತ್ತರ (x − 3)(2x − 1)(x + 2).

ಇದೇ ಬಹುಪದೋಕ್ತಿಯಲ್ಲಿ ಬೇರೆ ದೋಷಗಳು ಬೇರೆ ಗುರುತನ್ನು ಬಿಡುತ್ತವೆ. ಮಸುಕಾದ 11 ಅನ್ನು 17 ಎಂದು ಓದಿದ್ದರೆ ಶೇಷ −18 ಬರುತ್ತದೆ, ಏಕೆಂದರೆ ವ್ಯತ್ಯಾಸ −6, ಅದರ ಮೂರರಷ್ಟು −18. 3x² ರ ಮೇಲಿನ 2 ಕಾಣದೆ 3x ಎಂದು ಬರೆದುಕೊಂಡಿದ್ದರೆ −27 ರ ಜಾಗದಲ್ಲಿ −9 ಬಂದು ಶೇಷ +18 ಆಗುತ್ತದೆ. ಹಾಳೆಗಳಲ್ಲಿ ಪ್ರಶ್ನೆಯ ಬಲತುದಿಗೆ ಅಂಕಗಳನ್ನು ಆವರಣದಲ್ಲಿ ಹಾಕುವ ಪದ್ಧತಿ ಇರುವುದರಿಂದ "+ 6 (3)" ಎಂದು ಕಾಣುವುದನ್ನು ಗುಣಾಕಾರವೆಂದು ತಿಳಿದು 18 ಮಾಡುವವರೂ ಇದ್ದಾರೆ. ಆಗ ಶೇಷ 12. ಎಡತುದಿಯಲ್ಲಿಯೂ ಇಂಥದೇ ಅಪಾಯವಿದೆ, "3. 2x³" ಎಂಬಲ್ಲಿ ಪ್ರಶ್ನೆಯ ಸಂಖ್ಯೆ ಸಹಗುಣಕಕ್ಕೆ ಅಂಟಿಕೊಂಡು 3.2x³ ಆಗಿಬಿಡುತ್ತದೆ. ಶಾಲೆಯ ಅಭ್ಯಾಸದಲ್ಲಿ ಅಪವರ್ತಿಸಲು ಕೊಟ್ಟ ಬಹುಪದೋಕ್ತಿಯ ಸಹಗುಣಕ ದಶಮಾಂಶವಾಗಿರುವುದು ತೀರ ಅಪರೂಪವಾದ್ದರಿಂದ ಇದನ್ನು ಪತ್ತೆ ಹಚ್ಚುವುದು ಸುಲಭ.

ಈ ಪರೀಕ್ಷೆ ಕೈಕೊಡುವ ಸಂದರ್ಭಗಳು

ಕೊಟ್ಟ ಅಪವರ್ತನ x − 1 ಆಗಿದ್ದರೆ ಈ ಪರೀಕ್ಷೆ ಅರ್ಧ ಕುರುಡು. 1 ರ ಎಲ್ಲ ಘಾತಗಳೂ 1 ಆಗಿರುವುದರಿಂದ ಶೇಷವು ಸಹಗುಣಕ ಎಷ್ಟು ತಪ್ಪಿದೆ ಎಂಬುದನ್ನು ಹೇಳುತ್ತದೆ, ಯಾವ ಪದದಲ್ಲಿ ತಪ್ಪಿದೆ ಎಂಬುದನ್ನು ಹೇಳಲಾರದು. ಘಾತಾಂಕದ ತಪ್ಪನ್ನಂತೂ ಅದು ಸಂಪೂರ್ಣವಾಗಿ ಮುಚ್ಚಿಹಾಕುತ್ತದೆ. x³ − 2x² − 5x + 6 ಎಂಬ ಬಹುಪದೋಕ್ತಿಯ ಸರಿಯಾದ ಅಪವರ್ತನಗಳು (x − 1)(x + 2)(x − 3). ಇದರಲ್ಲಿ 2x² ಅನ್ನು 2x ಎಂದು ಓದಿ x³ − 2x − 5x + 6, ಅಂದರೆ x³ − 7x + 6 ಎಂದು ಮಾಡಿಕೊಂಡರೂ x = 1 ಆದಾಗ ಸೊನ್ನೆಯೇ ಬರುತ್ತದೆ. ಇನ್ನೂ ಕೆಟ್ಟದ್ದೇನೆಂದರೆ, ಈ ತಪ್ಪು ಬಹುಪದೋಕ್ತಿಯು (x − 1)(x − 2)(x + 3) ಎಂದು ಒಂದು ಬಿರುಕೂ ಇಲ್ಲದೆ ಅಪವರ್ತನಗೊಂಡುಬಿಡುತ್ತದೆ. ಉತ್ತರ ಅಂದವಾಗಿ ಬಂದಿತೆಂಬ ಕಾರಣಕ್ಕೆ ಅದನ್ನು ನಂಬಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇಲ್ಲಿ ನಮ್ಮನ್ನು ಕಾಯುವುದು ಬೇರೆಯದೇ ಒಂದು ಗುರುತು. ಆದರ್ಶ ರೂಪದಲ್ಲಿ ಬರೆದ ಬಹುಪದೋಕ್ತಿಯಲ್ಲಿ ಒಂದೇ ಘಾತದ ಎರಡು ಪದಗಳು ಇರುವುದಿಲ್ಲ. −2x ಮತ್ತು −5x ಎಂದು x ನ ಪದ ಎರಡು ಸಲ ಬಂದಿದೆ, x² ರ ಪದ ಎಲ್ಲಿಯೂ ಇಲ್ಲ ಎಂದಾದರೆ ಘಾತಾಂಕ ಅಳಿಸಿಹೋಗಿದೆ ಎಂದೇ ಮೊದಲು ಊಹಿಸಬೇಕು. ಸಜಾತಿ ಪದಗಳನ್ನು ಕೂಡಿಸಿ −7x ಎಂದು ಬರೆದ ಮರುಕ್ಷಣ ಆ ಗುರುತು ಕಾಗದದಿಂದ ಮರೆಯಾಗುತ್ತದೆ. ಹಾಗಾಗಿ ಫೋಟೊದಿಂದ ಇಳಿಸುವಾಗ ಏನನ್ನೂ ಸಂಕ್ಷೇಪಿಸದೆ ಕಂಡದ್ದನ್ನು ಕಂಡಂತೆ ಇಳಿಸುವುದು ಒಳ್ಳೆಯದು. x + 1 ಕೊಟ್ಟಿದ್ದರೂ ಸ್ಥಿತಿ ಹೆಚ್ಚೇನೂ ಸುಧಾರಿಸುವುದಿಲ್ಲ, ಬೆಸ ಮತ್ತು ಸರಿ ಘಾತಗಳನ್ನು ಅದು ಬೇರ್ಪಡಿಸುತ್ತದೆ, ಅಷ್ಟೇ.

ಎರಡು ತಪ್ಪುಗಳು ಒಟ್ಟಿಗೆ ಆಗಿದ್ದರೆ ಅವು ಒಂದನ್ನೊಂದು ರದ್ದುಮಾಡಿ ಶೇಷವನ್ನು ಸೊನ್ನೆಗೆ ತರುವ ಸಾಧ್ಯತೆಯೂ ಇದೆ. ಇದು ಅಪರೂಪ. ಹಾಳೆ ಇನ್ನೊಂದು ಅಪವರ್ತನವನ್ನೂ ಕೊಟ್ಟಿದ್ದರೆ ಅದರಲ್ಲಿಯೂ ಆದೇಶಿಸಿ ನೋಡಿದರೆ ಈ ಸಂಶಯ ಬಹುಮಟ್ಟಿಗೆ ಪರಿಹಾರವಾಗುತ್ತದೆ.

ಫೋಟೊವನ್ನೇ ಪರೀಕ್ಷಿಸುವುದು

ಯಾವ ಪದ ಸಂಶಯಾಸ್ಪದ ಎಂಬುದು ಗೊತ್ತಾದ ಮೇಲೆ, ಅಥವಾ ಹಾಳೆ ಯಾವ ಅಪವರ್ತನವನ್ನೂ ಕೊಡದೆ "ಶೇಷ ಕಂಡುಹಿಡಿಯಿರಿ" ಎಂದಷ್ಟೇ ಕೇಳಿದ್ದರೆ, ಚಿತ್ರದ ಕಡೆಗೆ ಹೋಗಬೇಕಾಗುತ್ತದೆ. ಬಹುಪದೋಕ್ತಿಯಲ್ಲಿ ಅತ್ಯಂತ ಹೆಚ್ಚು ಅರ್ಥವನ್ನು ಹೊತ್ತಿರುವ ಗುರುತುಗಳೇ ಅತ್ಯಂತ ಚಿಕ್ಕವು: ಒಂದು ಸಣ್ಣ ಅಡ್ಡಗೆರೆ ಮತ್ತು ಮೇಲ್ಗಡೆಯ ಪುಟ್ಟ ಅಂಕಿ. ಮೊಬೈಲಿನ ಸ್ಕ್ಯಾನರ್ ಆಪ್‌ಗಳಲ್ಲಿ ಕಪ್ಪು ಬಿಳುಪು ಫಿಲ್ಟರ್ ಹಾಕಿದರೆ ಬಣ್ಣದ ಒಂದು ಮಟ್ಟಕ್ಕಿಂತ ತಿಳಿಯಾದದ್ದೆಲ್ಲ ಬಿಳಿಯಾಗುತ್ತದೆ, ಆಗ ತೆಳುವಾಗಿ ಅಚ್ಚಾದ ಋಣ ಚಿಹ್ನೆ ಪೂರ್ತಿ ಅಳಿಸಿಹೋಗಬಹುದು. ಇದಕ್ಕೆ ವಿರುದ್ಧವಾದ ದೋಷವೂ ಉಂಟು. ತೆಳು ಕಾಗದದಲ್ಲಿ ಹಿಂಬದಿಯ ಬರಹ ಮೂಡಿ ಬಂದು ಅಲ್ಲಿನ ಒಂದು ಗೆರೆ ಈ ಬದಿಯಲ್ಲಿ ಇಲ್ಲದ ಋಣ ಚಿಹ್ನೆಯಾಗಿ ನಿಲ್ಲುತ್ತದೆ. ಆದ್ದರಿಂದ ಫಿಲ್ಟರ್ ಹಾಕದ ಬಣ್ಣದ ಚಿತ್ರವನ್ನೇ ಕೇಳಿ ಪಡೆಯಬೇಕು. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಚಿತ್ರ ಕುಗ್ಗುತ್ತದೆ ಮತ್ತು 2, 3 ರಂಥ ಘಾತಾಂಕಗಳು ಒಂದೇ ಬಗೆಯ ಚುಕ್ಕೆಗಳಾಗುತ್ತವೆ. ಅದೇ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲದ ಸ್ಪಷ್ಟತೆ ಉಳಿಯುತ್ತದೆ.

ಘಾತಾಂಕ ಓದಲು ಬಾರದಿದ್ದಾಗ ಅದರ ಎಡಬಲಗಳು ನೆರವಾಗುತ್ತವೆ. ಪದಗಳು ಘಾತದ ಇಳಿಕೆಯ ಕ್ರಮದಲ್ಲಿದ್ದರೆ ಮಸುಕಾದ ಘಾತಾಂಕವು ಅದರ ಎಡಗಡೆಯದಕ್ಕಿಂತ ಚಿಕ್ಕದು, ಬಲಗಡೆಯದಕ್ಕಿಂತ ದೊಡ್ಡದು ಆಗಿರಲೇಬೇಕು. ಪುಟದ ಬಲ ಅಂಚು ಬಾಗಿದ್ದರೆ ಅಥವಾ ಚಿತ್ರದಿಂದ ಹೊರಗುಳಿದಿದ್ದರೆ ಕೊನೆಯ ಪದ ಕತ್ತರಿಸಿಹೋಗಿರಬಹುದು. x ನ ಪದದಲ್ಲಿಯೇ ಸಾಲು ಮುಗಿದಿದ್ದರೆ, ಅದರಲ್ಲೂ ಅದರ ಮುಂದೆ ಒಂಟಿ ಚಿಹ್ನೆಯ ತುಣುಕು ಕಂಡರೆ, ಸ್ಥಿರಾಂಕ ಕಾಣೆಯಾಗಿದೆ ಎಂದೇ ತಿಳಿಯಬೇಕು. ಬರೆದುಕೊಂಡದ್ದನ್ನು ಫೋಟೊದೊಂದಿಗೆ ಹೋಲಿಸುವಾಗ ಬಲದಿಂದ ಎಡಕ್ಕೆ, ಒಂದೊಂದೇ ಪದವನ್ನು ಚಿಹ್ನೆಯೊಡನೆ ಓದುವುದು ಉತ್ತಮ. ಎಡದಿಂದ ಬಲಕ್ಕೆ ಓದಿದರೆ ಕಣ್ಣು ತಾನು ನಿರೀಕ್ಷಿಸಿದ್ದನ್ನೇ ಮತ್ತೆ ಓದಿಬಿಡುತ್ತದೆ.

ಓದು ಸರಿಯಿದ್ದು ಶೇಷ ತಪ್ಪಿದ್ದರೆ

ಓದಿನ ಸಂಶಯ ತೀರಿದ ಬಳಿಕ ಬಿಡಿಸುವಿಕೆಯ ದೋಷವನ್ನು ಹುಡುಕಬಹುದು, ಇಲ್ಲಿಯೂ ತಪ್ಪು ಉತ್ತರವೇ ಒಂದು ಸುಳಿವು. x³ + 4x² − 5 ಅನ್ನು x + 2 ರಿಂದ ಭಾಗಿಸಿದಾಗ ಬರುವ ಶೇಷ ಕೇಳಿದ್ದಾರೆ ಎನ್ನೋಣ. x + 2 ರ ಶೂನ್ಯತೆ −2, ಆದ್ದರಿಂದ ಶೇಷವು p(−2) = −8 + 16 − 5 = 3.

ವಿದ್ಯಾರ್ಥಿಯ ಉತ್ತರ −29 ಆಗಿದ್ದರೆ ಆತ (−2)² ಅನ್ನು −4 ಎಂದು ತೆಗೆದುಕೊಂಡಿದ್ದಾನೆ, −8 − 16 − 5 ಎಂಬುದರ ಹೊರತು ಆ ಸಂಖ್ಯೆ ಬರಲು ಬೇರೆ ಸಹಜ ದಾರಿಯಿಲ್ಲ. ಆವರಣ ಹಾಕದೆ −2² ಎಂದು ಕ್ಯಾಲ್ಕುಲೇಟರಿನಲ್ಲಿ ಒತ್ತಿದಾಗಲೂ ಅನೇಕ ವೇಳೆ ಹೀಗೆಯೇ ಆಗುತ್ತದೆ. ಉತ್ತರ −9 ಆಗಿದ್ದರೆ ದೋಷವು ಸಂಶ್ಲೇಷಿತ ಭಾಗಾಕಾರದಲ್ಲಿದೆ: ಸಹಗುಣಕಗಳನ್ನಷ್ಟೇ ಸಾಲಾಗಿ ಬರೆಯುವ ಈ ಕ್ರಮದಲ್ಲಿ ಇಲ್ಲದ x ನ ಪದಕ್ಕೆ 0 ಬರೆಯದೆ 1, 4, −5 ಎಂದು ಹಾಕಲಾಗಿದೆ. ಆಗ ಭಾಗಿಸಲ್ಪಡುವುದು ಘನ ಬಹುಪದೋಕ್ತಿಯಲ್ಲ, x² + 4x − 5 ಎಂಬ ವರ್ಗ ಬಹುಪದೋಕ್ತಿ, ಅದರ ಶೇಷ 4 − 8 − 5 = −9. ಸರಿಯಾದ ಸಾಲು 1, 4, 0, −5 ಆಗಿದ್ದು ಕೆಳಗಿನ ಸಾಲು ಹೀಗೆ ಬರಬೇಕು:

```
−2 |  1    4    0   −5
   |      −2   −4    8
   -------------------
      1    2   −4    3
```

ಉತ್ತರ 19 ಆಗಿದ್ದರೆ ಮಾತ್ರ ಅದೊಂದರಿಂದಲೇ ತೀರ್ಮಾನಿಸಲು ಬರುವುದಿಲ್ಲ. ಭಾಜಕದ ಚಿಹ್ನೆಯನ್ನು ಬದಲಿಸದೆ x = 2 ಅನ್ನೇ ಆದೇಶಿಸಿದರೂ 8 + 16 − 5 = 19; x = −2 ಅನ್ನೇ ಆದೇಶಿಸಿ (−2)³ ಅನ್ನು ತಪ್ಪಾಗಿ +8 ಎಂದರೂ 19. ಮೊದಲನೆಯದು ಶೇಷ ಪ್ರಮೇಯವನ್ನು ತಪ್ಪಾಗಿ ಗ್ರಹಿಸಿದ ದೋಷ, ಎರಡನೆಯದು ಋಣ ಸಂಖ್ಯೆಗಳ ಗುಣಾಕಾರದ ದೋಷ, ಎರಡಕ್ಕೂ ಮದ್ದು ಬೇರೆ. ಹೀಗಾಗಿ ಮಗು ಆದೇಶಿಸಿದ ಸಾಲನ್ನು ತೋರಿಸುವಂತೆ ಹೇಳಬೇಕು, ಅಥವಾ x ನ ಪದವೂ ಇರುವ ಒಂದು ಬಹುಪದೋಕ್ತಿಯನ್ನು ಕೊಟ್ಟು ನೋಡಬೇಕು. ಅಲ್ಲಿ ಈ ಎರಡು ತಪ್ಪುಗಳು ಬೇರೆ ಬೇರೆ ಉತ್ತರಗಳನ್ನು ಕೊಡುತ್ತವೆ.

ಭಾಜಕವು 2x − 1 ರಂತೆ ಇದ್ದಾಗ ಇನ್ನೊಂದು ದೋಷ ನುಸುಳುತ್ತದೆ. ಮೇಲಿನ 2x³ − 3x² − 11x + 6 ಅನ್ನು ½ ಇಟ್ಟುಕೊಂಡು ಸಂಶ್ಲೇಷಿತ ಭಾಗಾಕಾರ ಮಾಡಿದರೆ 2, −2, −12 ಮತ್ತು ಶೇಷ 0 ಬರುತ್ತದೆ. ಶೇಷ ಸರಿಯಾಗಿಯೇ ಇದೆ, ಆದರೆ 2x² − 2x − 12 ಎಂಬುದು x − ½ ರಿಂದ ಭಾಗಿಸಿದ ಭಾಗಲಬ್ಧವೇ ಹೊರತು 2x − 1 ರಿಂದ ಭಾಗಿಸಿದ್ದಲ್ಲ. ಭಾಜಕ ಎರಡರಷ್ಟಾದರೆ ಭಾಗಲಬ್ಧ ಅರ್ಧವಾಗಬೇಕು, ಆದ್ದರಿಂದ ಅದನ್ನು x² − x − 6 ಎಂದು ಮಾಡಿಕೊಳ್ಳಬೇಕು. ಹಾಗೆ ಮಾಡದೆ (2x − 1)(2x² − 2x − 12) ಎಂದು ಬರೆದದ್ದನ್ನು ಪೂರ್ತಿ ಗುಣಿಸದೆಯೇ ಗುರುತಿಸಬಹುದು: ಮೊದಲ ಪದಗಳ ಗುಣಲಬ್ಧ 4x³, ಕೊನೆಯವುಗಳದು 12. ಪ್ರಶ್ನೆಯಲ್ಲಿ ಇದ್ದದ್ದು 2x³ ಮತ್ತು 6. ಎರಡು ತುದಿಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗಿದ್ದರೆ ದೋಷ ಇಲ್ಲಿಯೇ ಇದೆ ಎಂದು ನಿಸ್ಸಂಶಯವಾಗಿ ಹೇಳಬಹುದು.

k ಇರುವ ಲೆಕ್ಕಗಳು

ಓದಿನ ದೋಷವನ್ನು ಅತ್ಯಂತ ಜಾಣತನದಿಂದ ಮರೆಮಾಚುವುದು "x − 3 ಅಪವರ್ತನವಾದರೆ k ಯ ಬೆಲೆ ಕಂಡುಹಿಡಿಯಿರಿ" ಎಂಬ ಮಾದರಿಯ ಪ್ರಶ್ನೆ. ಇಲ್ಲಿ ಶೇಷವನ್ನು ಸೊನ್ನೆ ಎಂದು ನಾವೇ ಒಪ್ಪಿಕೊಂಡು ಹೊರಡುವುದರಿಂದ ಓದಿನ ತಪ್ಪೆಲ್ಲವೂ k ಯೊಳಗೆ ಹೋಗಿ ಕೂರುತ್ತದೆ. x³ + kx² − 5x + 6 ಎಂಬುದಕ್ಕೆ 27 + 9k − 15 + 6 = 0 ಆಗಿ k = −2 ಬರಬೇಕು. −5x ಅನ್ನು +5x ಎಂದು ಓದಿದರೆ 9k = −48 ಆಗಿ k ಗೆ −16/3 ಎಂಬ ಭಿನ್ನರಾಶಿ ಬರುತ್ತದೆ, ಇದು ಸಂಶಯ ಹುಟ್ಟಿಸಲು ಸಾಕು. ಆದರೆ ಮಸುಕಾದ 5 ಅನ್ನು 8 ಎಂದು ಓದಿದರೆ 27 + 9k − 24 + 6 = 0, ಅಂದರೆ k = −1. ಪೂರ್ಣಾಂಕವೇ ಬಂದಿತೆಂದು ಎಲ್ಲರೂ ಸಮಾಧಾನ ಪಡುತ್ತಾರೆ.

ಇದನ್ನು ಹಿಡಿಯಲು ಪ್ರಶ್ನೆ ಕೇಳಿದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಪೂರ್ತಿ ಅಪವರ್ತಿಸಿ ನೋಡಬೇಕು. k = −1 ಆದಾಗ ಭಾಗಲಬ್ಧ x² + 2x − 2, ಇದು ಪೂರ್ಣಾಂಕಗಳಲ್ಲಿ ಒಡೆಯುವುದಿಲ್ಲ; k = −2 ಆದಾಗ ಭಾಗಲಬ್ಧ x² + x − 2, ಇದು (x − 1)(x + 2) ಆಗುತ್ತದೆ. ಪ್ರಶ್ನೆ ತಯಾರಿಸುವವರು ಸಾಮಾನ್ಯವಾಗಿ ಅಪವರ್ತನಗಳನ್ನು ಮೊದಲು ಗುಣಿಸಿಯೇ ಬಹುಪದೋಕ್ತಿಯನ್ನು ಕಟ್ಟುತ್ತಾರಾದ್ದರಿಂದ ಒಡೆಯದ ಭಾಗಲಬ್ಧ ಸಿಕ್ಕಾಗ ಫೋಟೊವನ್ನು ಇನ್ನೊಮ್ಮೆ ನೋಡುವುದು ನ್ಯಾಯ. ಆದರೆ ಇದು ಸಂಶಯಕ್ಕೆ ಕಾರಣವೇ ಹೊರತು ಪುರಾವೆಯಲ್ಲ, ಒಡೆಯದ ವರ್ಗ ಬಹುಪದೋಕ್ತಿಯನ್ನು ಉದ್ದೇಶಪೂರ್ವಕವಾಗಿ ಇಟ್ಟ ಪ್ರಶ್ನೆಗಳೂ ಇವೆ.

ಹಾಳೆಯೇ ತಪ್ಪಿದ್ದರೆ

ಚಿತ್ರ ಸ್ಪಷ್ಟವಾಗಿದೆ, ಬರೆದುಕೊಂಡದ್ದು ಅದಕ್ಕೆ ಸರಿಯಾಗಿ ಹೊಂದುತ್ತದೆ, ಲೆಕ್ಕದಲ್ಲಿಯೂ ದೋಷವಿಲ್ಲ, ಆದರೂ ಕೊಟ್ಟ ಅಪವರ್ತನಕ್ಕೆ ಶೇಷ ಸೊನ್ನೆಯಾಗುವುದಿಲ್ಲ ಎಂದಾದರೆ ಅಚ್ಚಿನಲ್ಲಿಯೇ ತಪ್ಪಿದೆ. ಆಗಲೂ ಮೇಲೆ ಹೇಳಿದ ಕ್ರಮದಿಂದಲೇ ಯಾವ ಪದದಲ್ಲಿ ತಪ್ಪಿರಬಹುದೆಂದು ಊಹಿಸಬಹುದು, ಆದರೆ ಆ ಊಹೆಯಂತೆ ಪ್ರಶ್ನೆಯನ್ನು ಸದ್ದಿಲ್ಲದೆ ತಿದ್ದಿ ಉತ್ತರಿಸಬಾರದು; ಉತ್ತರ ನೋಡುವ ಶಿಕ್ಷಕರಿಗೆ ಅದು ಮಗುವೇ ತಪ್ಪಾಗಿ ಇಳಿಸಿಕೊಂಡಂತೆ ಕಾಣುತ್ತದೆ. ಮೊದಲ ಪ್ರಕರಣದ ಹಾಳೆಯಲ್ಲಿ 3x² ರ ಮುಂದೆ ಧನ ಚಿಹ್ನೆಯೇ ಅಚ್ಚಾಗಿದ್ದರೆ, ಮೊದಲು ಪ್ರಶ್ನೆಯನ್ನು ಇದ್ದಂತೆಯೇ ಬರೆದು, p(3) = 54 ಆಗಿರುವುದರಿಂದ x − 3 ಅಪವರ್ತನವಲ್ಲ ಎಂದು ತೋರಿಸಿ, ಅದರ ಕೆಳಗೆ "3x² ರ ಚಿಹ್ನೆ ಋಣವಾಗಿದ್ದಲ್ಲಿ" ಎಂಬ ಒಕ್ಕಣೆಯೊಂದಿಗೆ ಎರಡನೆಯ ಉತ್ತರವನ್ನು ಬರೆಯುವುದು ಸರಿಯಾದ ಕ್ರಮ.